ಕಾಲ್ಪನಿಕ ಪ್ರಯೋಗದಲ್ಲಿ ದೋಷ ಹುಡುಕುವುದು ಹೇಗೆ? ಮನೋವಿಜ್ಞಾನ ಪದವಿ ವಿದ್ಯಾರ್ಥಿಗಳಿಗೆ

ಸಂಶೋಧನಾ ವಿಧಾನಗಳ ಪತ್ರಿಕೆಯಲ್ಲಿ ಒಂದು ಬಗೆಯ ಪ್ರಶ್ನೆ ಬರುತ್ತದೆ. ಆರೇಳು ಸಾಲಿನಲ್ಲಿ ಒಂದು ಕಾಲ್ಪನಿಕ ಪ್ರಯೋಗವನ್ನು ವಿವರಿಸಿರುತ್ತಾರೆ. ಕೊನೆಗೆ ‘ಈ ವಿನ್ಯಾಸದ ಮುಖ್ಯ ದೋಷ ಯಾವುದು? ಅದನ್ನು ಹೇಗೆ ಸರಿಪಡಿಸುವಿರಿ?’ ಎಂದು ಕೇಳುತ್ತಾರೆ. ಬಹಳಷ್ಟು ಜನ ಬರೆಯುವ ಉತ್ತರ ಒಂದೇ ಥರ ಇರುತ್ತದೆ: ಸ್ಯಾಂಪಲ್ ಚಿಕ್ಕದು, ರ‍್ಯಾಂಡಮ್ ಆಗಿ ಆರಿಸಿಲ್ಲ, ಸನ್ನಿವೇಶ ಕೃತಕ. ಪ್ರಯೋಗವನ್ನು ಓದದೆಯೂ ಈ ಉತ್ತರ ಬರೆಯಬಹುದು, ಅಲ್ವಾ? ಅದಕ್ಕೇ ಅದಕ್ಕೆ ಅಂಕ ಕಡಿಮೆ.

1963ರಲ್ಲಿ ಡೊನಾಲ್ಡ್ ಕ್ಯಾಂಪ್‌ಬೆಲ್ ಮತ್ತು ಜೂಲಿಯನ್ ಸ್ಟ್ಯಾನ್ಲಿ ಇಂಥ ದೋಷಗಳಲ್ಲಿ ಎಂಟನ್ನು ಪಟ್ಟಿ ಮಾಡಿದರು. ಇಂದಿಗೂ ತರಗತಿಯಲ್ಲಿ ಪಾಠ ಆಗುವುದು ಹೆಚ್ಚುಕಡಿಮೆ ಅದೇ ಪಟ್ಟಿ. ಅದನ್ನು ಬಾಯಿಪಾಠ ಮಾಡಿದರೆ ಹೆಸರುಗಳು ಸಿಗುತ್ತವೆ. ಆದರೆ ಕೈಯಲ್ಲಿರುವ ಪ್ರಯೋಗಕ್ಕೆ ಯಾವ ಹೆಸರು ಹೊಂದುತ್ತದೆ ಎಂದು ಪಟ್ಟಿ ಹೇಳುವುದಿಲ್ಲ. ಅದಕ್ಕೆ ಬೇರೆ ದಾರಿ ಇದೆ. ಮೊದಲು ಸಂಶೋಧಕರು ಏನು ಹೇಳಿಕೊಂಡಿದ್ದಾರೆ ನೋಡಿ. ಆಮೇಲೆ ಅದೇ ಫಲಿತಾಂಶ ಬೇರೆ ಯಾವುದರಿಂದ ಬಂದಿರಬಹುದು ಎಂದು ಕೇಳಿ. ಒಂದು ಉದಾಹರಣೆ ತೆಗೆದುಕೊಂಡು ಹಂತ ಹಂತವಾಗಿ ನೋಡೋಣ. ಇಲ್ಲಿ ಬರುವ ಪ್ರಯೋಗಗಳೂ ಅವುಗಳ ಅಂಕಿಗಳೂ ಅಭ್ಯಾಸಕ್ಕಾಗಿ ಕಟ್ಟಿದವು. ನಿಜವಾಗಿ ನಡೆದದ್ದನ್ನು ಹೇಳುವಾಗ ಇಸವಿ ಕೊಟ್ಟಿದ್ದೇನೆ.

ಮೊದಲ ಪ್ರಯೋಗ

> ಪ್ರಾಣಾಯಾಮದಿಂದ ಗಮನಶಕ್ತಿ ಹೆಚ್ಚುತ್ತದೆಯೇ ಎಂದು ತಿಳಿಯಲು ಒಬ್ಬ ಸಂಶೋಧಕಿ ಒಂದು ಕಾಲೇಜಿನ 60 ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿದರು. ‘ಎ’ ವಿಭಾಗದ 30 ಜನ ಬೆಳಗ್ಗೆ 9.30ಕ್ಕೆ ಹತ್ತು ನಿಮಿಷ ಪ್ರಾಣಾಯಾಮ ಮಾಡಿ, ಕೂಡಲೇ ಅಕ್ಷರ ಹುಡುಕಿ ಹೊಡೆದುಹಾಕುವ ಪರೀಕ್ಷೆ ಬರೆದರು. ‘ಬಿ’ ವಿಭಾಗದ 30 ಜನ ಮಧ್ಯಾಹ್ನ ಊಟವಾದ ಮೇಲೆ 2.15ಕ್ಕೆ ಬಂದು ನೇರವಾಗಿ ಅದೇ ಪರೀಕ್ಷೆ ಬರೆದರು. ಸೂಚನೆ, ಹಾಳೆ, ಸಮಯದ ಮಿತಿ ಎಲ್ಲವೂ ಒಂದೇ. ‘ಎ’ ವಿಭಾಗದ ಸರಾಸರಿ 42, ‘ಬಿ’ ವಿಭಾಗದ್ದು 35. ಈ ವ್ಯತ್ಯಾಸ ಸಂಖ್ಯಾಶಾಸ್ತ್ರದ ಪ್ರಕಾರ ಗಣನೀಯ. ಪ್ರಾಣಾಯಾಮ ಗಮನಶಕ್ತಿಯನ್ನು ಹೆಚ್ಚಿಸುತ್ತದೆ ಎಂದು ಅವರು ತೀರ್ಮಾನಿಸಿದರು.

ಹಂತ 1: ಕೊನೆಯ ವಾಕ್ಯದಿಂದ ಓದಲು ಶುರು ಮಾಡಿ

ತೀರ್ಮಾನ ಇರುವುದು ಕೊನೆಯ ವಾಕ್ಯದಲ್ಲಿ. ಅದನ್ನು ಹಾಳೆಯ ಮೇಲೆ ನಿಮ್ಮ ಮಾತಿನಲ್ಲಿ ಬರೆದುಕೊಳ್ಳಿ: ‘ಪ್ರಾಣಾಯಾಮ ಮಾಡಿದ್ದರಿಂದಲೇ ಅಂಕ ಜಾಸ್ತಿ ಬಂತು.’ ಇದು ಕಾರಣ ಹೇಳುವ ತೀರ್ಮಾನ. ಎಲ್ಲ ಪ್ರಶ್ನೆಯಲ್ಲೂ ಹೀಗೇ ಇರುವುದಿಲ್ಲ. ಕೆಲವು ಕಡೆ ‘ಇವೆರಡೂ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ’ ಎಂದಷ್ಟೇ ಹೇಳಿರುತ್ತಾರೆ. ಕೆಲವು ಕಡೆ ‘ಭಾರತದ ಎಲ್ಲ ಯುವಜನರೂ ಹೀಗೆಯೇ’ ಎಂದು ದೊಡ್ಡ ಗುಂಪಿನ ಬಗ್ಗೆ ಹೇಳಿರುತ್ತಾರೆ. ಇನ್ನು ಕೆಲವು ಕಡೆ ‘ಯಾವ ಪರಿಣಾಮವೂ ಇಲ್ಲ’ ಎಂದು ಮುಗಿಸಿರುತ್ತಾರೆ.

ಈ ನಾಲ್ಕಕ್ಕೂ ದೋಷಗಳು ಬೇರೆ ಬೇರೆ. ‘60 ಜನರೂ ಒಂದೇ ಕಾಲೇಜಿನವರು’ ಎನ್ನುವುದು ದೊಡ್ಡ ಗುಂಪಿನ ಬಗ್ಗೆ ಹೇಳಿದ ತೀರ್ಮಾನಕ್ಕೆ ನೇರವಾದ ಏಟು. ನಮ್ಮ ಪ್ರಯೋಗದಲ್ಲಿ ಅದು ಸಣ್ಣ ಮಾತು. ಈ 60 ಜನರಲ್ಲಿ ಪ್ರಾಣಾಯಾಮ ಕೆಲಸ ಮಾಡಿತೇ ಎಂಬುದೇ ಇನ್ನೂ ತಿಳಿದಿಲ್ಲ. ಬೇರೆಯವರಲ್ಲಿ ಮಾಡುತ್ತದೆಯೇ ಎಂಬ ಪ್ರಶ್ನೆ ಆಮೇಲಿನದು.

ಹಂತ 2: ಯಾರನ್ನು ಯಾರ ಜೊತೆ ಹೋಲಿಸಿದ್ದಾರೆ?

ಹಾಳೆಯ ಮಧ್ಯೆ ಒಂದು ಗೆರೆ ಎಳೆದು ಎರಡು ಕಂಬಸಾಲು ಮಾಡಿ. ಎಡಕ್ಕೆ ‘ಎ’, ಬಲಕ್ಕೆ ‘ಬಿ’. ವಿವರಣೆಯ ಒಂದೊಂದೇ ಮಾತನ್ನು ಸಾಲಾಗಿ ಇಳಿಸಿ. ಎರಡೂ ಕಡೆ ಒಂದೇ ಆಗಿರುವುದನ್ನು ಹೊಡೆದುಹಾಕಿ. ಸೂಚನೆ ಹೋಯಿತು, ಹಾಳೆ ಹೋಯಿತು, ಸಮಯದ ಮಿತಿ ಹೋಯಿತು, ಜನರ ಸಂಖ್ಯೆಯೂ ಹೋಯಿತು.

ಈಗ ಉಳಿದದ್ದು ನಾಲ್ಕು. ಒಂದು ಕಡೆ ಪ್ರಾಣಾಯಾಮ ಇದೆ, ಇನ್ನೊಂದು ಕಡೆ ಇಲ್ಲ. ಸಂಶೋಧಕಿ ಬೇಕೆಂದೇ ಮಾಡಿದ ವ್ಯತ್ಯಾಸ ಇದೊಂದೇ. ಒಂದು ಬೆಳಗ್ಗೆ, ಇನ್ನೊಂದು ಊಟದ ನಂತರ. ಒಂದು ‘ಎ’ ವಿಭಾಗ, ಇನ್ನೊಂದು ‘ಬಿ’. ಒಂದು ಗುಂಪಿಗೆ ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ಬಿಡುವು ಸಿಕ್ಕಿದೆ, ಇನ್ನೊಂದು ಗುಂಪು ಬಂದ ಕೂಡಲೇ ಪರೀಕ್ಷೆಗೆ ಕೂತಿದೆ. ಸ್ವತಂತ್ರ ಚರದ ಜೊತೆ ಹೀಗೆ ಅಂಟಿಕೊಂಡು ಬರುವ ವ್ಯತ್ಯಾಸಗಳನ್ನೇ ಕನ್‌ಫೌಂಡ್ ಎನ್ನುತ್ತೇವೆ.

ಇಲ್ಲಿ ಒಂದು ಎಚ್ಚರಿಕೆ. ವಿವರಣೆಯಲ್ಲಿ ಇಲ್ಲದ್ದನ್ನು ನೀವು ಸೇರಿಸಬೇಡಿ. ‘ಉತ್ತರಪತ್ರಿಕೆ ಎಣಿಸಿದವರು ಪಕ್ಷಪಾತ ಮಾಡಿರಬಹುದು’ ಎಂದು ಬರೆಯಬಹುದು ನಿಜ. ಆದರೆ ಎಣಿಸಿದವರು ಯಾರೆಂದೇ ಇಲ್ಲಿ ಹೇಳಿಲ್ಲ. ಪ್ರಶ್ನೆ ಬರೆದವರು 9.30, 2.15 ಎಂದು ಸುಮ್ನೆ ಕೊಟ್ಟಿಲ್ಲ. ಆರು ಸಾಲಿನ ಪ್ರಯೋಗದಲ್ಲಿ ಗಡಿಯಾರದ ಸಮಯ, ಜಾಗ, ಯಾರು ಅಳೆದರು ಎಂಬಂಥ ವಿವರ ಕಂಡರೆ ಅಲ್ಲೇ ಸ್ವಲ್ಪ ನಿಲ್ಲಿ.

ಹಂತ 3: ದಿಕ್ಕು ನೋಡಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ನನ್ನ ಪ್ರಕಾರ ಇಡೀ ಉತ್ತರದ ಜೀವ ಇರುವುದು ಇಲ್ಲಿಯೇ. ವ್ಯತ್ಯಾಸ ಕಂಡ ಮಾತ್ರಕ್ಕೆ ಅದು ದೋಷ ಆಗುವುದಿಲ್ಲ. ಆ ವ್ಯತ್ಯಾಸವೊಂದೇ ಇದ್ದಿದ್ದರೂ ಇದೇ ಫಲಿತಾಂಶ ಬರುತ್ತಿತ್ತೇ ಎಂದು ಕೇಳಬೇಕು.

ಊಟವಾದ ಮೇಲೆ ಬಹಳ ಜನರಿಗೆ ಮಂಪರು ಬರುತ್ತದೆ, ಚುರುಕು ಕುಗ್ಗುತ್ತದೆ. ಹಾಗಾದರೆ ‘ಬಿ’ ವಿಭಾಗದ ಅಂಕ ಇಳಿಯಬೇಕು. ಇಳಿದಿದೆ. ಅಂದರೆ ಪ್ರಾಣಾಯಾಮಕ್ಕೆ ಯಾವ ಶಕ್ತಿಯೂ ಇಲ್ಲದಿದ್ದರೂ 42 ಮತ್ತು 35 ಬರಬಹುದಿತ್ತು. ದಿಕ್ಕು ಹೊಂದಿತು, ದೋಷ ಗಟ್ಟಿಯಾಯಿತು.

ಈಗ ಸಮಯವನ್ನು ಅದಲುಬದಲು ಮಾಡಿ ನೋಡಿ. ಪ್ರಾಣಾಯಾಮದ ಗುಂಪು ಮಧ್ಯಾಹ್ನ ಬಂದಿತ್ತು, ಇನ್ನೊಂದು ಗುಂಪು ಬೆಳಗ್ಗೆ ಬಂದಿತ್ತು, ಆದರೂ ಪ್ರಾಣಾಯಾಮದ ಗುಂಪಿಗೇ ಹೆಚ್ಚು ಅಂಕ ಬಂತು ಅಂದುಕೊಳ್ಳಿ. ವಿನ್ಯಾಸ ಆಗಲೂ ಸರಿಯಿಲ್ಲ. ಆದರೆ ಊಟದ ಮಂಪರು ಈ ಫಲಿತಾಂಶಕ್ಕೆ ವಿರುದ್ಧ ದಿಕ್ಕಿನಲ್ಲಿ ತಳ್ಳುತ್ತಿತ್ತು. ಹಾಗಿದ್ದೂ ವ್ಯತ್ಯಾಸ ಬಂದಿದೆ ಎಂದರೆ ಮಂಪರನ್ನು ಕಾರಣವಾಗಿ ತೋರಿಸಲು ಆಗುವುದಿಲ್ಲ. ಎರಡೂ ಸಲ ನೀವು ‘ಸಮಯ ಬೇರೆ ಬೇರೆ ಇತ್ತು’ ಎಂದಷ್ಟೇ ಬರೆದಿದ್ದರೆ ಈ ಅಂತರ ನಿಮಗೆ ಕಾಣುತ್ತಲೇ ಇರಲಿಲ್ಲ.

ವಿಭಾಗದ ವಿಷಯಕ್ಕೆ ಬನ್ನಿ. ಮೊದಲೇ ಇದ್ದ ತರಗತಿಗಳನ್ನು ಹಾಗೆಯೇ ಎರಡು ಗುಂಪು ಮಾಡಿದ್ದಾರೆ. ‘ಎ’ ವಿಭಾಗದವರು ಮೊದಲಿಂದಲೂ ಚುರುಕಾಗಿ ಇದ್ದಿರಬಹುದು. ದಿಕ್ಕು ಇದಕ್ಕೂ ಹೊಂದುತ್ತದೆ. ಆದರೆ ವಿಭಾಗಗಳನ್ನು ಯಾವ ಆಧಾರದ ಮೇಲೆ ಮಾಡಿದ್ದರು ಎಂದು ವಿವರಣೆ ಹೇಳುವುದಿಲ್ಲ. ಹಾಗಾಗಿ ‘ಇರಬಹುದು’ ಎಂಬಲ್ಲಿಗೇ ನಿಲ್ಲಬೇಕು. ಒಂದೇ ದೋಷ ಬರೆಯಿರಿ ಎಂದು ಕೇಳಿದರೆ ನಾನು ಸಮಯವನ್ನು ಆರಿಸುತ್ತೇನೆ, ಏಕೆಂದರೆ ಅದಕ್ಕೆ ಪಠ್ಯದಲ್ಲೇ ಆಧಾರ ಇದೆ. ಎರಡಕ್ಕೆ ಜಾಗ ಇದ್ದರೆ ವಿಭಾಗವನ್ನೂ ಸೇರಿಸುತ್ತೇನೆ.

ಹತ್ತು ನಿಮಿಷದ ಬಿಡುವು ಸ್ವಲ್ಪ ಸೂಕ್ಷ್ಮ. ಉಳಿದೆಲ್ಲ ಸರಿಪಡಿಸಿದರೂ ಇದು ಉಳಿದುಕೊಳ್ಳುತ್ತದೆ. ಸುಮ್ಮನೆ ಕಣ್ಣು ಮುಚ್ಚಿ ಕೂತಿದ್ದರೂ ಅಂಕ ಏರುತ್ತಿತ್ತೇನೋ. ಆದ್ದರಿಂದ ಹೋಲಿಕೆಯ ಗುಂಪಿಗೆ ಏನೂ ಕೊಡದೆ ಬಿಡಬಾರದು. ಅವರೂ ಅದೇ ಕೋಣೆಯಲ್ಲಿ ಹತ್ತು ನಿಮಿಷ ಶಾಂತವಾಗಿ ಕೂರಬೇಕು.

ಹಂತ 4: ಮೂರು ವಾಕ್ಯದಲ್ಲಿ ಉತ್ತರ

ಮೊದಲ ವಾಕ್ಯದಲ್ಲಿ ದೋಷ ಎಲ್ಲಿದೆ ಎಂದು ಪ್ರಯೋಗದ ಮಾತಿನಲ್ಲೇ ಹೇಳಿ. ಎರಡನೆಯದರಲ್ಲಿ ಅದು ಇದೇ ಫಲಿತಾಂಶವನ್ನು ಹೇಗೆ ತರಬಲ್ಲದು ಎಂದು ತೋರಿಸಿ. ಮೂರನೆಯದರಲ್ಲಿ ಏನು ಬದಲಿಸಬೇಕು ಎಂದು ಬರೆಯಿರಿ. ಹೀಗೆ:

‘ಪ್ರಾಣಾಯಾಮದ ಗುಂಪನ್ನು ಬೆಳಗ್ಗೆ, ಇನ್ನೊಂದು ಗುಂಪನ್ನು ಊಟದ ನಂತರ ಪರೀಕ್ಷಿಸಿದ್ದರಿಂದ ದಿನದ ಸಮಯ ಸ್ವತಂತ್ರ ಚರದ ಜೊತೆ ಬೆರೆತುಹೋಗಿದೆ. ಊಟದ ನಂತರದ ಮಂಪರಿನಿಂದಲೇ “ಬಿ” ವಿಭಾಗದ ಅಂಕ ಇಳಿದಿರಬಹುದು, ಹಾಗಾಗಿ ವ್ಯತ್ಯಾಸ ಪ್ರಾಣಾಯಾಮದಿಂದಲೇ ಬಂತು ಎನ್ನಲಾಗದು. 60 ಜನರನ್ನೂ ಚೀಟಿ ಎತ್ತಿ ಎರಡು ಗುಂಪಿಗೆ ಹಂಚಿ, ಎರಡನ್ನೂ ಒಂದೇ ಹೊತ್ತಿನಲ್ಲಿ ಪರೀಕ್ಷಿಸಬೇಕು, ಹೋಲಿಕೆಯ ಗುಂಪು ಅಷ್ಟೇ ಹೊತ್ತು ಶಾಂತವಾಗಿ ಕೂರಬೇಕು.’

ಕನ್‌ಫೌಂಡ್ ಎಂಬ ಪದ ಈ ಉತ್ತರದಲ್ಲಿ ಇಲ್ಲ. ಸೇರಿಸಿದರೆ ಒಳ್ಳೆಯದೇ. ಆದರೆ ಪದವೊಂದನ್ನೇ ಬರೆದು ಎರಡನೇ ವಾಕ್ಯ ಬಿಟ್ಟರೆ ಉತ್ತರ ಅರ್ಧಕ್ಕೆ ನಿಂತ ಹಾಗೆ.

‘ಚೀಟಿ ಎತ್ತಿ ಹಂಚಿ’ ಎಂದಾಗ ಬಹಳ ಜನ ಎರಡು ಬೇರೆ ಕೆಲಸಗಳನ್ನು ಒಂದೇ ಎಂದುಕೊಳ್ಳುತ್ತಾರೆ. ಇಡೀ ಕಾಲೇಜಿನಿಂದ ಈ 60 ಜನರನ್ನು ಹೇಗೆ ಆರಿಸಿದರು ಎಂಬುದು ರ‍್ಯಾಂಡಮ್ ಸ್ಯಾಂಪ್ಲಿಂಗ್‌ನ ಪ್ರಶ್ನೆ. ಆರಿಸಿದವರಲ್ಲಿ ಯಾರು ಯಾವ ಗುಂಪಿಗೆ ಎಂಬುದು ರ‍್ಯಾಂಡಮ್ ಅಸೈನ್‌ಮೆಂಟ್‌ನ ಪ್ರಶ್ನೆ. ಕಾರಣ ಹೇಳುವ ತೀರ್ಮಾನವನ್ನು ಕಾಪಾಡುವುದು ಎರಡನೆಯದು. ಮೊದಲನೆಯದು ಫಲಿತಾಂಶವನ್ನು ಹೊರಗಿನವರಿಗೆ ಅನ್ವಯಿಸಲು ಬೇಕಾಗುತ್ತದೆ. ಸ್ವಯಂಸೇವಕರನ್ನೇ ತೆಗೆದುಕೊಂಡರೂ, ಅವರನ್ನು ಚೀಟಿಯಿಂದ ಹಂಚಿದ್ದರೆ, ಕಾರಣದ ತೀರ್ಮಾನಕ್ಕೆ ನೆಲೆ ಇರುತ್ತದೆ.

ಒಂದೇ ಗುಂಪು ಇದ್ದರೆ

> ಪರೀಕ್ಷಾ ಆತಂಕದ ಪ್ರಶ್ನಾವಳಿಯನ್ನು 200 ವಿದ್ಯಾರ್ಥಿಗಳಿಗೆ ಕೊಟ್ಟರು. ಅತಿ ಹೆಚ್ಚು ಅಂಕ ಬಂದ 20 ಜನರನ್ನು ಆರಿಸಿ ನಾಲ್ಕು ವಾರ ಆಪ್ತಸಲಹೆ ಕೊಟ್ಟರು. ಮತ್ತೆ ಅದೇ ಪ್ರಶ್ನಾವಳಿ ಕೊಟ್ಟಾಗ ಅವರ ಸರಾಸರಿ 78ರಿಂದ 66ಕ್ಕೆ ಇಳಿದಿತ್ತು. ಆಪ್ತಸಲಹೆ ಆತಂಕವನ್ನು ಕಡಿಮೆ ಮಾಡಿತು ಎಂದು ತೀರ್ಮಾನಿಸಿದರು.

ಇಲ್ಲಿ ಎರಡು ಕಂಬಸಾಲಿನಲ್ಲಿ ಬರುವುದು ‘ಮೊದಲು’ ಮತ್ತು ‘ಆಮೇಲೆ’. ‘ನಿಯಂತ್ರಿತ ಗುಂಪು ಇಲ್ಲ’ ಎಂಬ ಉತ್ತರ ಎಲ್ಲರಿಗೂ ಹೊಳೆಯುತ್ತದೆ. ಅದು ತಪ್ಪಲ್ಲ. ಆದರೆ ಅಷ್ಟಕ್ಕೇ ನಿಲ್ಲಬೇಡಿ. ಆ ಗುಂಪು ಇದ್ದಿದ್ದರೆ ಏನು ಕಾಣುತ್ತಿತ್ತು? ಅದನ್ನು ಹೇಳಿದಾಗಲೇ ಉತ್ತರ ಪೂರ್ತಿಯಾಗುವುದು.

ಗಮನಿಸಬೇಕಾದ ಮಾತು ‘ಅತಿ ಹೆಚ್ಚು ಅಂಕ ಬಂದ 20 ಜನ’. ಯಾರದೇ ಅಂಕದಲ್ಲಿ ಒಂದು ಪಾಲು ಅವರ ಸ್ವಭಾವದ್ದು, ಇನ್ನೊಂದು ಪಾಲು ಆ ದಿನದ್ದು. ಹಿಂದಿನ ರಾತ್ರಿ ನಿದ್ದೆ ಇಲ್ಲ, ಮನೆಯಲ್ಲಿ ಜಗಳ, ನಾಳೆ ಇಂಟರ್ನಲ್ಸ್. 200 ಜನರಲ್ಲಿ ತುತ್ತತುದಿಯ 20 ಜನರನ್ನು ಎತ್ತಿಕೊಂಡರೆ, ಆ ದಿನ ಕೆಟ್ಟದಾಗಿದ್ದವರು ಅದರಲ್ಲಿ ಹೆಚ್ಚಾಗಿ ಸೇರಿಕೊಂಡಿರುತ್ತಾರೆ. ನಾಲ್ಕು ವಾರದ ನಂತರ ಎಲ್ಲರಿಗೂ ಮತ್ತೆ ಅಂಥದೇ ದಿನ ಇರುವುದಿಲ್ಲ. ಹಾಗಾಗಿ ಏನೂ ಮಾಡದಿದ್ದರೂ ಗುಂಪಿನ ಸರಾಸರಿ ಸ್ವಲ್ಪ ಕೆಳಗೆ ಬರುತ್ತದೆ. ಇದು ಸರಾಸರಿಯತ್ತ ಮರಳುವಿಕೆ. ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ಎತ್ತರದ ಬಗ್ಗೆ ಬರೆಯುವಾಗ ಇದನ್ನು ತೋರಿಸಿದ್ದರು. ಬಹಳ ಎತ್ತರದ ತಂದೆ ತಾಯಿಯ ಮಕ್ಕಳು ಎತ್ತರವಾಗಿಯೇ ಇದ್ದರು, ಆದರೆ ಒಟ್ಟಾರೆ ನೋಡಿದರೆ ತಂದೆ ತಾಯಿಗಿಂತ ಸರಾಸರಿಗೆ ಹತ್ತಿರ ಇದ್ದರು.

ಇದನ್ನು ಪರೀಕ್ಷಿಸುವ ಸುಲಭ ದಾರಿ ಒಂದಿದೆ. ಅತಿ ಕಡಿಮೆ ಅಂಕ ಬಂದ 20 ಜನರಿಗೂ ಪ್ರಶ್ನಾವಳಿಯನ್ನು ಮತ್ತೆ ಕೊಟ್ಟರೆ ಏನಾಗುತ್ತದೆ ಎಂದು ಊಹಿಸಿ. ಅವರ ಸರಾಸರಿ ಮೇಲಕ್ಕೆ ಬರುವ ಸಾಧ್ಯತೆ ಹೆಚ್ಚು. ಅವರಿಗೆ ಯಾರೂ ಆತಂಕ ತಂದುಕೊಟ್ಟಿಲ್ಲ, ಆದರೂ ಏರುತ್ತದೆ.

ಸರಿಪಡಿಸಲು ಮೇಲಿನ 40 ಜನರನ್ನು ಆರಿಸಿ. ಅವರನ್ನು ಚೀಟಿಯಿಂದ ಎರಡಾಗಿ ಹಂಚಿ. 20 ಜನರಿಗೆ ಈಗಲೇ ಆಪ್ತಸಲಹೆ, ಉಳಿದ 20 ಜನರಿಗೆ ಎರಡನೇ ಅಳತೆ ಮುಗಿದ ಮೇಲೆ. ಸರಾಸರಿಯತ್ತ ಮರಳುವುದು ಇದರಿಂದ ನಿಲ್ಲುವುದಿಲ್ಲ, ಎರಡೂ ಗುಂಪಿನಲ್ಲಿ ನಡೆಯುತ್ತದೆ. ಆದರೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ನಡೆಯುತ್ತದೆ. ಅದಕ್ಕಿಂತ ಎಷ್ಟು ಜಾಸ್ತಿ ಇಳಿಯಿತೋ ಅಷ್ಟನ್ನು ಆಪ್ತಸಲಹೆಯ ಲೆಕ್ಕಕ್ಕೆ ಹಾಕಬಹುದು. ನಡುವೆ ಪರೀಕ್ಷೆ ಮುಗಿದುಹೋಗಿ ಆತಂಕ ತಾನಾಗಿ ಇಳಿದಿದ್ದರೂ ಇದೇ ಗುಂಪು ಅದನ್ನು ತೋರಿಸಿಕೊಡುತ್ತದೆ.

ಅದೇ ಜನರನ್ನು ಎರಡು ಸಲ ಅಳೆದರೆ

> 24 ವಿದ್ಯಾರ್ಥಿಗಳು ಮೊದಲು ಮೌನದಲ್ಲಿ 20 ಪದಗಳ ಪಟ್ಟಿ ಓದಿ, ನೆನಪಿದ್ದ ಪದಗಳನ್ನು ಬರೆದರು. ಕೂಡಲೇ, ಹಾಡು ಕೇಳುತ್ತ ಇನ್ನೊಂದು 20 ಪದಗಳ ಪಟ್ಟಿ ಓದಿ ಬರೆದರು. ಎರಡನೇ ಸಲ ಕಡಿಮೆ ಪದ ನೆನಪಿದ್ದವು. ಹಾಡು ಕಲಿಕೆಗೆ ಅಡ್ಡಿ ಎಂದು ತೀರ್ಮಾನಿಸಿದರು.

‘ಹಾಡಿನ ಗುಂಪಿನವರು ಮೊದಲಿಂದಲೂ ಮಂದ ಇದ್ದಿರಬಹುದು’ ಎಂದು ಇಲ್ಲಿ ಬರೆದರೆ ಪೂರಾ ತಪ್ಪು. ಎರಡೂ ಸಲ ಅದೇ 24 ಜನ. ಗುಂಪುಗಳು ಬೇರೆ ಬೇರೆಯೋ, ಎರಡೂ ಸಲ ಅದೇ ಜನವೋ ಎಂದು ಎರಡನೇ ಹಂತದಲ್ಲೇ ಖಚಿತ ಮಾಡಿಕೊಳ್ಳಬೇಕು.

ಇಲ್ಲಿ ಹಾಡಿನ ಜೊತೆ ಅಂಟಿಕೊಂಡಿರುವುದು ಕ್ರಮ. ಹಾಡು ಯಾವಾಗಲೂ ಎರಡನೆಯದು. ದಿಕ್ಕು ನೋಡಿ: ಅಭ್ಯಾಸದಿಂದ ಎರಡನೇ ಸಲ ಅಂಕ ಏರಬೇಕು, ದಣಿವಿನಿಂದ ಇಳಿಯಬೇಕು. ಮೊದಲ ಪಟ್ಟಿಯ ಪದಗಳು ಎರಡನೇ ಪಟ್ಟಿಯ ನೆನಪಿಗೆ ಅಡ್ಡ ಬಂದರೂ ಇಳಿಯಬೇಕು. ಇಲ್ಲಿ ಇಳಿದಿದೆ. ಆದ್ದರಿಂದ ಉತ್ತರದಲ್ಲಿ ದಣಿವನ್ನೋ ಹಳೆಯ ಪದಗಳ ಅಡ್ಡಿಯನ್ನೋ ಹೆಸರಿಸಿ. ಅಭ್ಯಾಸವನ್ನು ಹೆಸರಿಸಿದರೆ ದಿಕ್ಕು ತಿರುಗುಮುರುಗು ಆಗುತ್ತದೆ. ಇನ್ನೊಂದು ವಿಷಯ, ಎರಡನೇ ಪಟ್ಟಿಯ ಪದಗಳೇ ಕಷ್ಟ ಇದ್ದಿರಬಹುದು. ಅದಕ್ಕೇ ಕ್ರಮವನ್ನು ಮಾತ್ರ ಬದಲಿಸಿದರೆ ಸಾಲದು, ಪಟ್ಟಿಯನ್ನೂ ಬದಲಿಸಬೇಕು. ಕ್ರಮ ಎರಡು ಥರ, ಯಾವ ಪಟ್ಟಿ ಹಾಡಿನ ಜೊತೆ ಎಂಬುದು ಎರಡು ಥರ, ಒಟ್ಟು ನಾಲ್ಕು ಜೋಡಣೆ. ಒಂದೊಂದಕ್ಕೆ ಆರು ಜನ.

ಸ್ಯಾಂಪಲ್ ಚಿಕ್ಕದು ಎಂದು ಯಾವಾಗ ಬರೆಯಬಹುದು?

ಚಿಕ್ಕ ಸ್ಯಾಂಪಲ್ ಅಂಕಿಗಳನ್ನು ಅಲುಗಾಡಿಸುತ್ತದೆ. ಆದರೆ ಯಾವುದೋ ಒಂದೇ ಗುಂಪಿನ ಕಡೆಗೆ ತಳ್ಳುವುದಿಲ್ಲ. ಪ್ರಾಣಾಯಾಮದ ಪ್ರಯೋಗವನ್ನು 600 ಜನರ ಮೇಲೆ ಮಾಡಿದ್ದರೂ ಊಟದ ಸಮಸ್ಯೆ ಹಾಗೆಯೇ ಇರುತ್ತಿತ್ತು. ಕನ್‌ಫೌಂಡ್ ಇರುವ ಕಡೆ ಜನರನ್ನು ಹೆಚ್ಚಿಸಿದರೆ ತಪ್ಪು ಉತ್ತರವೇ ಇನ್ನಷ್ಟು ನಿಖರವಾಗಿ ಸಿಗುತ್ತದೆ.

ತೀರ್ಮಾನ ‘ಪರಿಣಾಮ ಇಲ್ಲ’ ಎಂದಿದ್ದಾಗ ಮಾತ್ರ ಕಥೆ ಬದಲಾಗುತ್ತದೆ. ಒಂದೊಂದು ಗುಂಪಿಗೆ ಎಂಟೇ ಜನ, ವ್ಯತ್ಯಾಸ ಗಣನೀಯವಲ್ಲ, ಆದ್ದರಿಂದ ಆ ಕಲಿಕಾ ವಿಧಾನದಿಂದ ಉಪಯೋಗವಿಲ್ಲ ಎಂದು ಬರೆದಿದ್ದರೆ, ಆಗ ಚಿಕ್ಕ ಸ್ಯಾಂಪಲ್ ನಿಜವಾದ ದೋಷ. ಪರಿಣಾಮ ಇದ್ದರೂ ಎಂಟು ಜನರಲ್ಲಿ ಅದು ಕಾಣದೇ ಹೋಗಬಹುದು. ಇಂಥ ಕಡೆ ಸರಾಸರಿಗಳನ್ನೂ ನೋಡಿ. ಗರಿಷ್ಠ 10 ಅಂಕದ ಪರೀಕ್ಷೆಯಲ್ಲಿ ಎರಡೂ ಗುಂಪಿನ ಸರಾಸರಿ 9.6, 9.7 ಎಂದಿದ್ದರೆ ಪರೀಕ್ಷೆ ತೀರಾ ಸುಲಭ. ಉತ್ತಮ ವಿಧಾನದಲ್ಲಿ ಕಲಿತವರು ಮೇಲೇರಲು ಅಲ್ಲಿ ಜಾಗವೇ ಇಲ್ಲ.

ಅಳೆದವರು ಯಾರು?

ಅಂಕ ಒಬ್ಬ ಮನುಷ್ಯನ ಅಂದಾಜಿನಿಂದ ಬರುತ್ತಿದ್ದರೆ, ಅವರಿಗೆ ಯಾವ ಗುಂಪು ಎಂದು ಗೊತ್ತಿತ್ತೇ ಎಂದು ಹುಡುಕಿ. ರಾಬರ್ಟ್ ರೋಸೆಂತಾಲ್ ಮತ್ತು ಕರ್ಮಿಟ್ ಫೋಡ್ 1963ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಒಳ್ಳೆಯ ಸಾಕ್ಷಿ. ವಿದ್ಯಾರ್ಥಿಗಳಿಗೆ ಇಲಿಗಳನ್ನು ಕೊಟ್ಟು, ಕೆಲವರಿಗೆ ‘ಇವು ಜಾಣ ತಳಿ’ ಎಂದರು, ಉಳಿದವರಿಗೆ ‘ಇವು ಮಂದ ತಳಿ’ ಎಂದರು. ಇಲಿಗಳಲ್ಲಿ ಅಂಥ ಭೇದ ಇರಲಿಲ್ಲ. ಆದರೂ ‘ಜಾಣ’ ಇಲಿಗಳು ದಾರಿಯನ್ನು ಚೆನ್ನಾಗಿ ಕಲಿತವು ಎಂಬ ಫಲಿತಾಂಶ ಬಂತು. ನಿರೀಕ್ಷೆ ನೋಟದ ಮೂಲಕವೂ ನುಸುಳಬಹುದು, ಇಲಿಯನ್ನು ಎತ್ತಿ ಹಿಡಿಯುವ ರೀತಿಯಿಂದಲೂ ನುಸುಳಬಹುದು. ಹಾಗಾಗಿ ‘ಕಂಪ್ಯೂಟರ್ ಅಂಕ ಕೊಟ್ಟಿತು’ ಎಂದಿದ್ದರೂ, ಪ್ರಯೋಗ ನಡೆಸಿದವರು ಜನರ ಜೊತೆ ಹೇಗೆ ನಡೆದುಕೊಂಡರು ಎಂಬ ಪ್ರಶ್ನೆ ಉಳಿದಿರುತ್ತದೆ.

ಅಭ್ಯಾಸ: ನೀವೇ ಒಂದು ಪ್ರಶ್ನೆ ಬರೆಯಿರಿ

ಹತ್ತು ಪ್ರಶ್ನೆ ಬಿಡಿಸುವುದಕ್ಕಿಂತ ಎರಡು ಪ್ರಶ್ನೆ ಬರೆಯುವುದರಿಂದ ಜಾಸ್ತಿ ಕಲಿಯುತ್ತೀರಿ. ಮೊದಲು ಸರಿಯಾದ ವಿನ್ಯಾಸ ಬರೆಯಿರಿ: ಚೀಟಿಯಿಂದ ಹಂಚಿಕೆ, ಒಂದೇ ಸಮಯ, ಹೋಲಿಕೆಯ ಗುಂಪಿಗೂ ಅಷ್ಟೇ ಕೆಲಸ, ಗುಂಪು ಗೊತ್ತಿಲ್ಲದವರಿಂದ ಅಳತೆ. ಆಮೇಲೆ ಒಂದೇ ಒಂದನ್ನು ಕೆಡಿಸಿ. ಉದಾಹರಣೆಗೆ, ದಿನಚರಿ ಬರೆಯುವುದರಿಂದ ಮನಸ್ಸಿಗೆ ನೆಮ್ಮದಿ ಸಿಗುತ್ತದೆಯೇ ಎಂಬ ಆರು ವಾರದ ಪ್ರಯೋಗ. 80 ಜನರನ್ನು ಚೀಟಿಯಿಂದ ಎರಡಾಗಿ ಹಂಚಿದ್ದಾರೆ. ಒಂದು ಗುಂಪು ದಿನವೂ ಒಂದು ಪುಟ ದಿನಚರಿ ಬರೆಯಬೇಕು, ಇನ್ನೊಂದು ಗುಂಪು ದಿನವೂ ಒಂದು ಪುಟ ಓದಬೇಕು. ಕೊನೆಗೆ ಬರೆಯುವ ಗುಂಪಿನಲ್ಲಿ 22 ಜನ ಉಳಿದರು, ಓದುವ ಗುಂಪಿನಲ್ಲಿ 38 ಜನ. ಉಳಿದವರ ಸರಾಸರಿಯನ್ನು ಹೋಲಿಸಿದಾಗ ಬರೆಯುವವರಿಗೆ ಹೆಚ್ಚು ನೆಮ್ಮದಿ ಇತ್ತು.

ಹಂಚಿಕೆ ಸರಿ ಇತ್ತು, ಆದರೆ ಹೋಲಿಕೆ ಮಾಡುವ ಹೊತ್ತಿಗೆ ಗುಂಪುಗಳು ಮೊದಲಿನಂತೆ ಉಳಿದಿರಲಿಲ್ಲ. ನೆಮ್ಮದಿ ಇಲ್ಲದವರೇ ಬರೆಯುವುದನ್ನು ಬಿಟ್ಟು ಹೋಗಿದ್ದರೆ, ಬರವಣಿಗೆ ಏನೂ ಮಾಡದಿದ್ದರೂ ಉಳಿದವರ ಸರಾಸರಿ ಏರುತ್ತದೆ. ಮೊದಲು ಹಂಚಿದ 80 ಜನರನ್ನೂ, ಬಿಟ್ಟುಹೋದವರನ್ನು ಸೇರಿಸಿ, ಕೊನೆಯಲ್ಲಿ ಅಳೆಯಲು ಪ್ರಯತ್ನಿಸಬೇಕು. ಬಿಟ್ಟುಹೋದವರ ಆರಂಭದ ಅಂಕ ಉಳಿದವರಿಗಿಂತ ಬೇರೆ ಇತ್ತೇ ಎಂದೂ ನೋಡಬೇಕು.

ಹೀಗೆ ಬರೆದ ಪ್ರಶ್ನೆಯನ್ನು ಗೆಳೆಯರಿಗೆ ಕೊಡಿ. ಅವರು ನೀವು ಅಂದುಕೊಂಡಿದ್ದಲ್ಲದೆ ಬೇರೆ ದೋಷ ಹೇಳಿದರೆ ಅದಕ್ಕೂ ದಿಕ್ಕು ನೋಡಿ. ದಿಕ್ಕು ಹೊಂದಿದರೆ ನಿಮ್ಮ ವಿವರಣೆಯಲ್ಲಿ ಇನ್ನೊಂದು ಬಾಗಿಲು ತೆರೆದಿದೆ. ಒಂದು ವಾಕ್ಯ ಸೇರಿಸಿ ಅದನ್ನು ಮುಚ್ಚಿ, ಆಮೇಲೆ ಇನ್ನೊಬ್ಬರಿಗೆ ಕೊಡಿ.